ಯಾವ ಮೊಜಾರ್ಟ್, ಯಾವ ಪುಸ್ತಕ? ಓಪಸ್, ಕೆ. ನಂಬರ್, ಎಡಿಷನ್: ಯಾವಾಗ ಯಾವುದನ್ನು ನಂಬಬೇಕು

ನನ್ನ ಹತ್ತಿರ ಪಿಯಾನೊ ಕಲಿಯುವ ಹುಡುಗಿಯೊಬ್ಬಳ ತಾಯಿ ಪರೀಕ್ಷೆಗೆಂದು ಆನ್‌ಲೈನಿನಲ್ಲಿ ನೋಟ್ಸ್ ಪುಸ್ತಕ ತರಿಸಿದರು. ಹುಡುಕಿದ್ದು "ಮೊಜಾರ್ಟ್ ಸೊನಾಟಾ ಇನ್ ಸಿ ಮೇಜರ್" ಅಂತ. ಎರಡು ವಾರ ಕಾದ ಮೇಲೆ ಪಾರ್ಸೆಲ್ ಬಂತು. ಹುಡುಗಿ ಮೊದಲ ಪುಟ ತೆರೆದು ನನ್ನ ಮುಖ ನೋಡಿದಳು. ಅವಳಿಗೆ ಬೇಕಾಗಿದ್ದದ್ದು ಮೊಜಾರ್ಟನ ಕೃತಿಗಳ ಪಟ್ಟಿಯಲ್ಲಿ ಕೆ. 545 ಅನ್ನುವ ನಂಬರಿನದು. ಬಂದದ್ದು ಕೆ. 330.

"ಮೇಡಂ, ಇದೂ ಮೊಜಾರ್ಟೇ, ಇದೂ ಸಿ ಮೇಜರೇ ಅಲ್ವಾ?" ಅಂತ ತಾಯಿ ಕೇಳಿದರು. ಅವರ ಮಾತು ಪೂರ್ತಿ ನಿಜ. ಮೊಜಾರ್ಟ್ ಪಿಯಾನೊಗೆ ಸಿ ಮೇಜರಿನಲ್ಲಿ ಒಂದಲ್ಲ, ನಾಲ್ಕು ಸೊನಾಟಾ ಬರೆದಿದ್ದಾನೆ: ಕೆ. 279, 309, 330 ಮತ್ತು 545. ಅಂಗಡಿಯವರು ನಾಲ್ಕರಲ್ಲಿ ಒಂದನ್ನು ಕಳಿಸಿದ್ದರು, ಅಷ್ಟೆ.

ಆವತ್ತಿನಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನ್ನ ಹತ್ತಿರ ಬರುತ್ತಲೇ ಇದೆ. ಫಾರ್ಮಿನಲ್ಲಿ ಓಪಸ್ ಬರೆಯಬೇಕಾ, ಕೆ. ನಂಬರ್ ಬರೆಯಬೇಕಾ? ಒಂದೇ ಕೃತಿಗೆ ಎರಡು ಕೆ. ನಂಬರ್ ಇದ್ದರೆ ಯಾವುದು ಸರಿ? ನೆಟ್‌ನಲ್ಲಿ ಪುಕ್ಕಟೆ ಸಿಗುವ ಸ್ಕ್ಯಾನ್ ಸಾಕಾ, ದುಬಾರಿ ಪುಸ್ತಕವೇ ಬೇಕಾ? ಪ್ರಬಂಧ ಬರೆಯುವವರಾದರೆ, ಆ ಪುಸ್ತಕವನ್ನು ಹೆಸರಿಸುವುದು ಹೇಗೆ?

ಎಲ್ಲ ಸಂಗೀತಗಾರರನ್ನೂ ಒಟ್ಟಿಗೆ ಎಳೆದು ತಂದರೆ ತಲೆ ಕೆಡುತ್ತದೆ. ಹಾಗಾಗಿ ಮೊಜಾರ್ಟನನ್ನೇ ಹಿಡಿದುಕೊಳ್ಳೋಣ. ಅದರಲ್ಲೂ ಎಲ್ಲರ ಕಿವಿಗೂ ಬಿದ್ದಿರುವ "ಟರ್ಕಿಶ್ ಮಾರ್ಚ್" ಇರುವ ಎ ಮೇಜರ್ ಸೊನಾಟಾವನ್ನು. ಈ ಒಂದು ಕೃತಿಗೆ ಬರಬಹುದಾದ ಗೊಂದಲಗಳೆಲ್ಲ ಬಂದಿವೆ.

ಮೊದಲು ಅಳತೆಗೋಲು

ದಾಸರ ಪದವಾದರೆ ಮೊದಲ ಸಾಲೇ ಹೆಸರು. ಕೊನೆಯ ಚರಣದ ಅಂಕಿತ ನೋಡಿದರೆ ಬರೆದವರು ಯಾರೆಂದೂ ಗೊತ್ತಾಗುತ್ತದೆ. ಸೊನಾಟಾದಲ್ಲಿ ಮಾತೇ ಇಲ್ಲ. "ಸೊನಾಟಾ" ಎನ್ನುವುದು "ಕೀರ್ತನೆ" ಅಂದ ಹಾಗೆ, ಜಾತಿಯ ಹೆಸರು. ಆದ್ದರಿಂದ ಹೆಸರಿನ ಕೆಲಸವನ್ನು ನಂಬರ್ ಮಾಡಬೇಕಾಗುತ್ತದೆ. ಯಾವುದೇ ನಂಬರ್ ಕಂಡರೂ ನಾನು ನಾಲ್ಕು ಪ್ರಶ್ನೆ ಹಾಕುತ್ತೇನೆ.

ಇದು ಒಂದೇ ಕೃತಿಯನ್ನು ತೋರಿಸುತ್ತದಾ? ಐವತ್ತು ವರ್ಷ ಹಳೆಯ ಪುಸ್ತಕದಲ್ಲೂ ಇವತ್ತಿನ ಪುಸ್ತಕದಲ್ಲೂ ಇದೇ ನಂಬರ್ ಇದೆಯಾ? ಅಂಗಡಿ, ಲೈಬ್ರರಿ, ಹಾಡು ಕೇಳುವ ಆ್ಯಪ್, ಎಲ್ಲ ಕಡೆ ಇದನ್ನು ಟೈಪ್ ಮಾಡಿದರೆ ಸಿಗುತ್ತದಾ? ಕೊನೆಯದು, ನನ್ನ ಕೈಯಲ್ಲಿರುವ ಅಚ್ಚು ಯಾವುದು ಅಂತ ಇದು ಹೇಳುತ್ತದಾ?

ಕೊನೆಯ ಪ್ರಶ್ನೆಗೆ ಕೃತಿಯ ಯಾವ ನಂಬರೂ ಉತ್ತರ ಕೊಡುವುದಿಲ್ಲ. ಗೊಂದಲದಲ್ಲಿ ಅರ್ಧ ಹುಟ್ಟುವುದು ಇಲ್ಲೇ. ಕೃತಿಯ ಗುರುತು ಬೇರೆ, ಪುಸ್ತಕದ ಗುರುತು ಬೇರೆ.

ಅಡ್ಡಹೆಸರು ಮತ್ತು ಸರಣಿ ಸಂಖ್ಯೆ

"ಟರ್ಕಿಶ್ ಮಾರ್ಚ್" ಅಂದರೆ ಆ ಸೊನಾಟಾದ ಮೂರನೇ ಭಾಗ ಮಾತ್ರ. ಮೊದಲ ಭಾಗ ಒಂದು ಮೆಲುವಾದ ರಾಗ ಮತ್ತು ಅದರ ಮೇಲೆ ಆರು ವೇರಿಯೇಷನ್. ಎರಡನೆಯದು ಮಿನ್ಯುಯೆಟ್. ಅಡ್ಡಹೆಸರು ಹಾಕಿ ತರಿಸಿದರೆ ಮೂರನೇ ಭಾಗವನ್ನಷ್ಟೇ, ಅದೂ ಸುಲಭ ಮಾಡಿದ ರೂಪದಲ್ಲಿ, ಕಳಿಸುವ ಸಾಧ್ಯತೆ ಜಾಸ್ತಿ.

"ಸೊನಾಟಾ ನಂಬರ್ 11" ಅನ್ನುವುದು ನೋಡಲು ಗಟ್ಟಿಯಾಗಿ ಕಾಣುತ್ತದೆ. ಆದರೆ ಈ ಲೆಕ್ಕ ಮೊಜಾರ್ಟನದಲ್ಲ, ಪ್ರಕಾಶಕರದು. 19ನೇ ಶತಮಾನದ ಕೊನೆಯಲ್ಲಿ ಬ್ರೈಟ್‌ಕಾಫ್ ಉಂಡ್ ಹೆರ್ಟೆಲ್ ಪ್ರಕಾಶನದವರು ಮೊಜಾರ್ಟನ ಸಮಗ್ರ ಕೃತಿಗಳನ್ನು ಅಚ್ಚು ಹಾಕಿದಾಗ ಎಣಿಸಿದ್ದು. 11ನೆಯದು ಹೇಗೋ 11 ಆಗಿಯೇ ಉಳಿಯಿತು. ಆದರೆ ನಮ್ಮ ಹುಡುಗಿಯ ಕೆ. 545 ಆ ಸಂಪುಟದಲ್ಲಿ ನಂಬರ್ 15. ಇವತ್ತಿನ ಬಹಳಷ್ಟು ಪಟ್ಟಿಗಳಲ್ಲಿ ನಂಬರ್ 16. ನಡುವೆ ಕೆ. 533 ಅನ್ನು ಸೊನಾಟಾಗಳ ಸಾಲಿಗೆ ಸೇರಿಸಿಕೊಂಡಿದ್ದರಿಂದ ಅದರ ನಂತರದವೆಲ್ಲ ಒಂದೊಂದು ಸ್ಥಾನ ಸರಿದವು. ಮನೆ ನಂಬರ್ ಬದಲಾದ ಬೀದಿಯಂತೆ. ಎರಡನೇ ಪ್ರಶ್ನೆಗೇ ಇದು ಬಿದ್ದುಹೋಯಿತು.

ಡ್ವೊರ್ಜಾಕನ "ನ್ಯೂ ವರ್ಲ್ಡ್" ಸಿಂಫನಿಗೂ ಹೀಗೇ ಆಗಿದೆ. ಹಳೆಯ ರೆಕಾರ್ಡಿನ ಮೇಲೆ 5, ಈಗ 9. ಸಂಗೀತ ಒಂದೇ.

ಓಪಸ್: ಪ್ರಕಾಶಕರ ಕಟ್ಟು

ಓಪಸ್ ಅಂದರೆ ಲ್ಯಾಟಿನ್‌ನಲ್ಲಿ ಕೆಲಸ, ಕೃತಿ. ಆದರೆ 18ನೇ ಶತಮಾನದಲ್ಲಿ ಅದು ಹೆಚ್ಚಾಗಿ ಅಚ್ಚಾಗಿ ಬಂದ ಕಟ್ಟಿನ ನಂಬರ್. ಮೂರೋ ಆರೋ ಕೃತಿ ಸೇರಿಸಿ ಒಂದು ಕಟ್ಟು ಮಾಡುತ್ತಿದ್ದರು. ನಮ್ಮ ಎ ಮೇಜರ್ ಸೊನಾಟಾ 1784ರಲ್ಲಿ ವಿಯೆನ್ನಾದ ಆರ್ಟಾರಿಯಾ ಪ್ರಕಾಶನದಿಂದ ಓಪಸ್ 6 ಅಂತ ಬಂತು. ಆ ಕಟ್ಟಿನಲ್ಲಿ ಮೂರು ಸೊನಾಟಾ ಇದ್ದವು. ಮೊದಲನೆಯದು ಪಾರ್ಸೆಲ್‌ನಲ್ಲಿ ತಪ್ಪಿ ಬಂದ ಅದೇ ಕೆ. 330. ನಮ್ಮದು ಎರಡನೆಯದು. ಅಂದರೆ ಸರಿಯಾಗಿ ಬರೆದರೆ "ಓಪಸ್ 6 ನಂ. 2".

ಹಾಗಾದರೆ ಇಷ್ಟು ಸಾಕಲ್ವಾ? ಸಾಲದು. ಮೊಜಾರ್ಟ್ 8 ವರ್ಷದ ಹುಡುಗನಾಗಿದ್ದಾಗ, 1764ರಲ್ಲಿ, ಪ್ಯಾರಿಸ್‌ನಲ್ಲಿ ಅಚ್ಚಾದ ಎರಡು ಸೊನಾಟಾಗಳಿಗೆ ಓಪಸ್ 1 ಅಂತ ಹಾಕಿದ್ದರು. 1778ರಲ್ಲಿ ಅದೇ ಪ್ಯಾರಿಸ್‌ನಲ್ಲಿ ಇನ್ನೊಬ್ಬ ಪ್ರಕಾಶಕ ವಯೊಲಿನ್ ಸೊನಾಟಾಗಳ ಕಟ್ಟು ತಂದಾಗ ಮತ್ತೆ ಓಪಸ್ 1. ಒಬ್ಬನೇ ಸಂಗೀತಗಾರ, ಒಂದೇ ಊರು, ಎರಡು ಓಪಸ್ 1. ಇನ್ನು ಕೆ. 545 ಅಚ್ಚಾದದ್ದು 1805ರಲ್ಲಿ, ಮೊಜಾರ್ಟ್ ತೀರಿಕೊಂಡು 14 ವರ್ಷವಾದ ಮೇಲೆ. ಅವನ ಜೀವಿತದಲ್ಲಿ ಅದಕ್ಕೆ ಓಪಸ್ ನಂಬರೇ ಇರಲಿಲ್ಲ. ಮೊಜಾರ್ಟನ ಮಟ್ಟಿಗೆ ಓಪಸ್ ಅನ್ನು ಬಿಟ್ಟುಬಿಡಿ. ಮೊದಲ ಅಚ್ಚಿನ ಬಗ್ಗೆ ಬರೆಯುವಾಗ ಮಾತ್ರ ಅದು ಬೇಕಾಗುತ್ತದೆ.

ಎಲ್ಲರ ಮಟ್ಟಿಗೂ ಹೀಗೇ ಅಲ್ಲ ಅನ್ನುವುದನ್ನೂ ಹೇಳಬೇಕು. ಬೇಥೋವನ್ ಬರುವ ಹೊತ್ತಿಗೆ ಓಪಸ್ ಗಟ್ಟಿಯಾದ ಗುರುತಾಗಿತ್ತು. ಅವನ ಸೊನಾಟಾಗಳಿಗೆ ಓಪಸ್ ಬರೆದರೆ ಸಾಕು, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಓಪಸ್ ನೋಡಿ ಬರೆದ ಕಾಲ ಊಹಿಸಬೇಡಿ. ಅವನ ಓಪಸ್ 49ರ ಎರಡು ಪುಟ್ಟ ಸೊನಾಟಾಗಳು 1805ರಲ್ಲಿ ಅಚ್ಚಾದವು, ಬರೆದದ್ದು 1790ರ ದಶಕದಲ್ಲಿ. ಓಪಸ್ ಸಿಗದೆ ಉಳಿದ ಬೇಥೋವನ್ ಕೃತಿಗಳನ್ನು "ಡಬ್ಲ್ಯು ಒ ಒ" ಅನ್ನುವ ಪಟ್ಟಿಯಲ್ಲಿ ಸೇರಿಸಿದ್ದಾರೆ. ಮಕ್ಕಳೆಲ್ಲ ನುಡಿಸುವ "ಫ್ಯೂರ್ ಎಲೀಸೆ" ಅಲ್ಲಿ 59ನೆಯದು. ಪರದೆಯ ಮೇಲೆ ಅದು `WoO 59` ಅಂತ ಕಾಣುತ್ತದೆ. ಎರಡು ದೊಡ್ಡ ಅಕ್ಷರ "ಓ" ಇದೆ, ಸೊನ್ನೆ ಅಲ್ಲ. ಸೊನ್ನೆ ಹಾಕಿ ಹುಡುಕಿ ಏನೂ ಸಿಗಲಿಲ್ಲ ಅಂತ ಬಂದವರನ್ನು ನೋಡಿದ್ದೇನೆ.

ಕೆ. ನಂಬರ್: ಆದರೆ ಯಾವ ಕೆ.?

ಕೆ. ಅಂದರೆ ಲುಡ್ವಿಗ್ ಫಾನ್ ಕೋಷೆಲ್. ವೃತ್ತಿಯಿಂದ ಸಂಗೀತಗಾರನಲ್ಲ. ಕಾನೂನು ಓದಿದ್ದ, ಗಿಡ ಮತ್ತು ಖನಿಜಗಳ ಅಧ್ಯಯನದ ಹುಚ್ಚು ಇತ್ತು. ಗಿಡಗಳನ್ನು ಒಪ್ಪವಾಗಿ ಪಟ್ಟಿ ಮಾಡುವ ಕೈ ಮೊಜಾರ್ಟನ ಕೃತಿಗಳಿಗೂ ಅದೇ ಮಾಡಿತು ಅಂತ ನನಗೆ ಅನಿಸುತ್ತದೆ. ಅವನ ಕ್ಯಾಟಲಾಗ್ 1862ರಲ್ಲಿ ಬಂತು. ಜರ್ಮನ್ ಪುಸ್ತಕಗಳಲ್ಲಿ ಅದನ್ನೇ "ಕೆವಿ" ಅಂತ ಬರೆಯುತ್ತಾರೆ. ನಮ್ಮ ಎ ಮೇಜರ್ ಸೊನಾಟಾ ಕೆ. 331 ಅಂದರೂ, ಕೆವಿ 331 ಅಂದರೂ ಒಂದೇ.

ಇದನ್ನು ಥೀಮ್ಯಾಟಿಕ್ ಕ್ಯಾಟಲಾಗ್ ಅನ್ನುತ್ತಾರೆ. ಹೆಸರಿನ ಪಕ್ಕದಲ್ಲಿ ಕೃತಿಯ ಮೊದಲ ಕೆಲವು ಬಾರ್‌ಗಳನ್ನು, ಅಂದರೆ ನಿಂತ ಗೆರೆಗಳ ನಡುವಿನ ತುಂಡುಗಳನ್ನು, ಸ್ವರಲಿಪಿಯಲ್ಲೇ ಅಚ್ಚು ಹಾಕಿರುತ್ತಾರೆ. ದಾಸರ ಪದದ ಮೊದಲ ಸಾಲು ಮಾಡುವ ಕೆಲಸವನ್ನು ಇಲ್ಲಿ ಮೊದಲ ಸ್ವರಗಳು ಮಾಡುತ್ತವೆ. ನಾಲ್ಕು ಸಿ ಮೇಜರ್ ಸೊನಾಟಾ ಇದ್ದರೂ ಮೊದಲ ಎರಡು ಬಾರ್ ನೋಡಿದರೆ ಯಾವುದು ಯಾವುದೆಂದು ಗೊತ್ತಾಗಿಬಿಡುತ್ತದೆ. ಪಾರ್ಸೆಲ್ ಬಿಚ್ಚಿದ ಹುಡುಗಿ ಮಾಡಿದ್ದೂ ಅದನ್ನೇ. ಅವಳು ಓದಿದ್ದು ಹೆಸರನ್ನಲ್ಲ, ಮೊದಲ ಸಾಲಿನ ನೋಟ್ಸನ್ನು.

ಕೋಷೆಲ್ ಇನ್ನೊಂದು ಆಸೆ ಇಟ್ಟುಕೊಂಡಿದ್ದ. ನಂಬರುಗಳು ಬರೆದ ಕಾಲದ ಕ್ರಮದಲ್ಲಿ ಇರಬೇಕು. ಕೊನೆಯದಾದ ರಿಕ್ವಿಯಂಗೆ 626. ತೊಂದರೆ ಶುರುವಾದದ್ದು ಇಲ್ಲಿಂದ. 1784ರ ಫೆಬ್ರವರಿಯಿಂದ ಮೊಜಾರ್ಟ್ ತಾನೇ ಒಂದು ನೋಟ್‌ಬುಕ್ ಇಟ್ಟಿದ್ದ. ಎಡಗಡೆ ದಿನಾಂಕ ಮತ್ತು ಹೆಸರು, ಬಲಗಡೆ ಮೊದಲ ಬಾರ್‌ಗಳು. ಕೆ. 545 ಅದರಲ್ಲಿ 1788ರ ಜೂನ್ 26ರ ತಾರೀಖಿನಲ್ಲಿ ಇದೆ, "ಹೊಸದಾಗಿ ಕಲಿಯುವವರಿಗೆ" ಅನ್ನುವ ಮಾತಿನ ಜೊತೆ. ಆದ್ದರಿಂದ 545ರ ಜಾಗದ ಬಗ್ಗೆ ಜಗಳವಿಲ್ಲ. ನಮ್ಮ ಎ ಮೇಜರ್ ಸೊನಾಟಾ ಆ ನೋಟ್‌ಬುಕ್ ಶುರುವಾಗುವ ಮೊದಲೇ ಬರೆದದ್ದು. ಅದಕ್ಕೆ ತಾರೀಖಿಲ್ಲ. ಕೋಷೆಲ್ ಅಂದಾಜಿನಲ್ಲಿ 331 ಕೊಟ್ಟ.

1937ರಲ್ಲಿ ಆಲ್ಫ್ರೆಡ್ ಐನ್‌ಸ್ಟೈನ್ (ಸಂಗೀತ ವಿದ್ವಾಂಸ, ಭೌತವಿಜ್ಞಾನಿ ಅಲ್ಲ) ಕ್ಯಾಟಲಾಗಿನ ಮೂರನೇ ಆವೃತ್ತಿ ತಂದ. ಈ ಸೊನಾಟಾ 1778ರಲ್ಲಿ ಪ್ಯಾರಿಸ್‌ನಲ್ಲಿ ಬರೆದದ್ದು ಅಂತ ಅವನ ಲೆಕ್ಕ. ಆ ವರ್ಷದ ಜಾಗ 300ರ ಹತ್ತಿರ ಇತ್ತು. ಆದರೆ ಅಲ್ಲಿ ನಂಬರುಗಳು ಖಾಲಿ ಇರಲಿಲ್ಲ. ಹಾಗಾಗಿ 300ರ ಹಿಂದೆ ಎ, ಬಿ, ಸಿ ಅಂತ ಅಕ್ಷರ ಸೇರಿಸುತ್ತಾ ಹೋದ. ನಮ್ಮ ಸೊನಾಟಾ 300ಐ ಆಯಿತು. 1964ರ ಆರನೇ ಆವೃತ್ತಿಯಲ್ಲೂ ಅದೇ ಉಳಿಯಿತು. ಆಮೇಲೆ ಕಾಗದ ಮತ್ತು ಕೈಬರಹ ಪರೀಕ್ಷಿಸಿದ ವಿದ್ವಾಂಸರು ಪ್ಯಾರಿಸ್ ಅಲ್ಲ, ಇದು 1783ರ ಸುಮಾರಿನದು ಅಂದರು. ಅಲ್ಲಿಗೆ 300ಐ ತಪ್ಪು. ಕಾಲದ ಲೆಕ್ಕದಲ್ಲಿ 331 ಕೂಡ ಸರಿಯಿಲ್ಲ. 1782ರ "ಹಾಫ್ನರ್" ಸಿಂಫನಿಯೇ ಕೆ. 385 ಅಲ್ವಾ?

ಹಾಗಾದರೆ ಹೊಸ ಸಂಶೋಧನೆ ಬಂದಾಗಲೆಲ್ಲ ಮೂರನೇ ನಂಬರ್, ನಾಲ್ಕನೇ ನಂಬರ್ ಕೊಡಬೇಕಾ? 2024ರಲ್ಲಿ ಬಂದ ಹೊಸ ಕೋಷೆಲ್ ಈ ಆಟ ನಿಲ್ಲಿಸಿತು. ನೀಲ್ ಝಾಸ್ಲಾ ನೇತೃತ್ವದ ಆ ಕ್ಯಾಟಲಾಗ್ ಕಾಲಕ್ರಮದ ಹಟ ಬಿಟ್ಟಿತು. ಕೃತಿಗೆ ಮೊದಲು ಸಿಕ್ಕ ನಂಬರೇ ಅದರ ನಂಬರ್. 331 ಮತ್ತೆ ಬರೀ 331. ಅದೇ ವರ್ಷ ಲೈಪ್‌ಜಿಗ್‌ನ ನಗರ ಗ್ರಂಥಾಲಯದಲ್ಲಿ ಸಿಕ್ಕ, ಮೊಜಾರ್ಟ್ ಹುಡುಗನಾಗಿದ್ದಾಗ ಬರೆದ ತಂತಿವಾದ್ಯಗಳ ಪುಟ್ಟ ಕೃತಿಗೆ ಕೆ. 648 ಕೊಟ್ಟರು. ಸಾಯುವಾಗ ಬರೆದ ರಿಕ್ವಿಯಂ 626, ಬಾಲ್ಯದ ಕೃತಿ 648. ಮೊದಲು ನನಗೆ ನಗು ಬಂತು. ಆಮೇಲೆ ಇದೇ ಸರಿ ಅನಿಸಿತು. ನಂಬರ್ ಇರುವುದು ಗುರುತಿಸಲಿಕ್ಕೆ. ಜಾತಕ ಹೇಳಲಿಕ್ಕಲ್ಲ.

ಹಾಗಾದರೆ ಯಾವುದು ಬರೆಯಬೇಕು? ಪರೀಕ್ಷೆ, ಕಛೇರಿಯ ಕಾರ್ಯಕ್ರಮ ಪಟ್ಟಿ, ಪುಸ್ತಕದ ಆರ್ಡರ್, ಇವಕ್ಕೆಲ್ಲ ಮೊದಲ ನಂಬರ್ ಒಂದೇ ಸಾಕು. 1937ರಿಂದ 2024ರವರೆಗೆ ಬಂದ ಬರಹಗಳನ್ನು ಬಳಸುವ ಪ್ರಬಂಧವಾದರೆ ಎರಡನ್ನೂ ಹಾಕಿ. ಆ ಕಾಲದ ಎಷ್ಟೋ ಪುಸ್ತಕಗಳು, ಲೈಬ್ರರಿ ಪಟ್ಟಿಗಳು ಎರಡನ್ನೂ ಹೊತ್ತುಕೊಂಡಿವೆ. ಹುಡುಕುವಾಗ ಹೀಗೆ ಟೈಪ್ ಮಾಡಿ:

```
Mozart K. 331
Mozart KV 331 (300i)
```

ಹೆಸರನ್ನು ಯಾವತ್ತೂ ಬಿಡಬೇಡಿ. ಡೊಮೆನಿಕೊ ಸ್ಕಾರ್ಲಾಟಿಯ ಸೊನಾಟಾಗಳಿಗೂ ಕೆ. ನಂಬರ್ ಇದೆ. ಅಲ್ಲಿ ಕೆ. ಅಂದರೆ ಕರ್ಕ್‌ಪ್ಯಾಟ್ರಿಕ್. ಅವು 555ರವರೆಗೆ ಹೋಗುತ್ತವೆ. ಅಂದರೆ 331, 545 ಎರಡೂ ಅಲ್ಲೂ ಇವೆ, ಸಂಬಂಧವೇ ಇಲ್ಲದ ಕೃತಿಗಳಾಗಿ.

ಬೇರೆಯವರ ಬಗ್ಗೆ ಎರಡು ಮಾತು. ಬಾಖ್‌ನ ಬಿಡಬ್ಲ್ಯುವಿ ಪಟ್ಟಿ ಕಾಲದ ಗೋಜಿಗೇ ಹೋಗುವುದಿಲ್ಲ, ಕೃತಿಯ ಬಗೆಯ ಮೇಲೆ ಗುಂಪು ಮಾಡುತ್ತದೆ. ಶೂಬರ್ಟ್‌ಗೆ ಡಾಯ್ಚ್ ಮಾಡಿದ ಡಿ. ಪಟ್ಟಿ ಇದೆ, ಓಪಸ್ ಬಿಟ್ಟು ಅದನ್ನೇ ಹಿಡಿಯಿರಿ. ವಯೊಲಿನ್ ಕಲಿಯುವವರಿಗೆ ಬೇಗ ಎದುರಾಗುವ ವಿವಾಲ್ಡಿಯ ಎ ಮೈನರ್ ಕನ್ಸರ್ಟೊಗೆ ಓಪಸ್ 3 ನಂ. 6 ಅಂದರೂ ಸರಿ, ವಿವಾಲ್ಡಿ ಕೃತಿಗಳ ಪಟ್ಟಿಯ ಆರ್‌ವಿ 356 ಅಂದರೂ ಸರಿ. ಆದರೆ ವಿವಾಲ್ಡಿ ಬರೆದದ್ದರಲ್ಲಿ ಹೆಚ್ಚಿನದು ಅವನ ಕಾಲದಲ್ಲಿ ಅಚ್ಚಾಗಲೇ ಇಲ್ಲ. ಅವಕ್ಕೆಲ್ಲ ಆರ್‌ವಿ ಒಂದೇ ದಾರಿ.

ಈಗ ಪುಸ್ತಕ: ಯಾವ ಅಚ್ಚು?

ಕೆ. 331 ಅಂತ ಸರಿಯಾಗಿ ಬರೆದಿರಿ. ಆದರೂ ಎದುರಿಗೆ ಹತ್ತು ಪುಸ್ತಕ ಬರುತ್ತವೆ, ಒಂದರ ಸ್ವರ ಇನ್ನೊಂದರಲ್ಲಿ ಇಲ್ಲ. ಯಾಕೆ?

ಮೊಜಾರ್ಟನ ಕೈಬರಹದ ಪ್ರತಿ ಬಹಳ ಕಾಲ ಸಿಕ್ಕಿರಲಿಲ್ಲ. ಕೊನೆಯ ಹಾಳೆಯೊಂದು ಮಾತ್ರ ಜಾಲ್ಸ್‌ಬರ್ಗ್‌ನಲ್ಲಿತ್ತು. ಹಾಗಾಗಿ ಸಂಪಾದಕರು 1784ರ ಆರ್ಟಾರಿಯಾ ಅಚ್ಚನ್ನೇ ಹೆಚ್ಚಾಗಿ ನಂಬಬೇಕಿತ್ತು. 2014ರಲ್ಲಿ ಬುಡಾಪೆಸ್ಟಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬಲಾಜ್ ಮಿಕುಶಿ ಅನ್ನುವ ಗ್ರಂಥಪಾಲಕ ಆ ಕೈಬರಹದ ನಾಲ್ಕು ಪುಟ ಗುರುತಿಸಿದರು. ಮೊದಲ ಭಾಗದ ಬಹುಪಾಲು ಮತ್ತು ಮಿನ್ಯುಯೆಟ್‌ನ ಭಾಗ ಅದರಲ್ಲಿತ್ತು. ಅಚ್ಚಿನಲ್ಲಿ ಇದ್ದದ್ದಕ್ಕೂ ಅದಕ್ಕೂ ಅಲ್ಲಲ್ಲಿ ವ್ಯತ್ಯಾಸ ಸಿಕ್ಕಿತು. ಅಂದರೆ ಈ ಸೊನಾಟಾದ ಮಟ್ಟಿಗೆ 2014 ಒಂದು ಗೆರೆ. ಅದಕ್ಕೆ ಮೊದಲು ತಯಾರಾದ ಯಾವ ಪುಸ್ತಕವೂ, ಎಷ್ಟೇ ಒಳ್ಳೆಯದಿರಲಿ, ಆ ಹಾಳೆಗಳನ್ನು ನೋಡಿಲ್ಲ.

ಈ ಗೆರೆ ಇಟ್ಟುಕೊಂಡು ಆಯ್ಕೆಗಳನ್ನು ನೋಡೋಣ.

ಕೈಯಲ್ಲಿ ದುಡ್ಡು ಕಮ್ಮಿ, ಸುಮ್ನೆ ಓದಿ ನೋಡಬೇಕು ಅನ್ನುವವರಿಗೆ ಹಳೆಯ ಬ್ರೈಟ್‌ಕಾಫ್ ಸಂಪುಟದ ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ. ಹಕ್ಕಿನ ತೊಡಕಿಲ್ಲ, ಪ್ರಿಂಟ್ ತೆಗೆದುಕೊಳ್ಳಬಹುದು. ತೊಂದರೆ ಏನೆಂದರೆ, ಯಾವ ಗುರುತು ಮೊಜಾರ್ಟನದು, ಯಾವುದು ಸಂಪಾದಕರದು ಅಂತ ಪುಟ ನೋಡಿದರೆ ತಿಳಿಯುವುದಿಲ್ಲ.

ಅದಕ್ಕಿಂತ ಮೇಲಿನದು, ಅದೂ ಪುಕ್ಕಟೆಯೇ, "ನೊಯೆ ಮೊಜಾರ್ಟ್ ಆಸ್‌ಗಾಬೆ" ಅನ್ನುವ ಹೊಸ ಸಮಗ್ರ ಸಂಪುಟ. ಜಾಲ್ಸ್‌ಬರ್ಗ್‌ನ ಮೊಜಾರ್ಟೇಯಂ ಪ್ರತಿಷ್ಠಾನ 2006ರಿಂದ ಅದನ್ನು ನೆಟ್‌ನಲ್ಲಿ ಇಟ್ಟಿದೆ. ಸ್ವಂತ ಓದಿಗೆ ಬಳಸಬಹುದು. ಸಂಪಾದಕರು ಸೇರಿಸಿದ್ದನ್ನು ಅಚ್ಚಿನಲ್ಲೇ ಬೇರೆ ಮಾಡಿ ತೋರಿಸಿದ್ದಾರೆ. ಪ್ರಬಂಧ ಬರೆಯುವ ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ನಮ್ಮ ಸೊನಾಟಾ ಇರುವ ಸಂಪುಟ 1986ರದು. ಗೆರೆಯ ಈ ಕಡೆಗೆ ಬಂದಿಲ್ಲ.

ಮೂರನೆಯದು ದುಡ್ಡು ಕೊಟ್ಟು ಕೊಳ್ಳುವ "ಉರ್‌ಟೆಕ್ಸ್ಟ್" ಪುಸ್ತಕ. ಹೆನ್ಲೆ, ಬೇರನ್‌ರೈಟರ್, ವೀನರ್ ಉರ್‌ಟೆಕ್ಸ್ಟ್ ಈ ಬಗೆಯವು. ಮೂಲಕ್ಕೆ ಆದಷ್ಟು ಹತ್ತಿರದ ಪಾಠ ಅಂತ ಅರ್ಥ. ಇಲ್ಲಿ ಇಳಿಬೆಲೆ ಉಪಾಯ ಒಂದಿದೆ. ಎಲ್ಲ ಸೊನಾಟಾಗಳ ದಪ್ಪ ಸಂಪುಟ ಕೊಳ್ಳುವ ಬದಲು ಒಂದೇ ಸೊನಾಟಾದ ಬಿಡಿ ಪುಸ್ತಕ ತರಿಸಿ. ಕೆ. 331ಕ್ಕೆ ಬುಡಾಪೆಸ್ಟ್ ಹಾಳೆಗಳನ್ನು ನೋಡಿ ತಿದ್ದಿದ ಬಿಡಿ ಪುಸ್ತಕವೇ ಬೇಕು. ಸಂಪುಟವಾಗಿ ಕೊಂಡರೆ ಅದು ಯಾವಾಗ ತಿದ್ದಿದ್ದು ಅಂತ ಮುನ್ನುಡಿಯಲ್ಲಿ ನೋಡಬೇಕಾಗುತ್ತದೆ. ಕೆ. 545ಕ್ಕೆ ಈ ತಲೆನೋವಿಲ್ಲ, ಆ ಹಾಳೆಗಳಿಗೂ ಅದಕ್ಕೂ ಸಂಬಂಧವಿಲ್ಲ.

"ಉರ್‌ಟೆಕ್ಸ್ಟ್" ಅಂತ ಮುಖಪುಟದಲ್ಲಿ ಅಚ್ಚಾದ ಮಾತ್ರಕ್ಕೆ ನಂಬಬೇಡಿ. ಒಳಗೆ ಸಂಪಾದಕರ ಹೆಸರಿರಬೇಕು. ಯಾವ ಮೂಲಗಳನ್ನು ನೋಡಿದರು ಅಂತ ಬರೆದಿರಬೇಕು. ಸೇರಿಸಿದ ಗುರುತುಗಳು ಬ್ರಾಕೆಟ್ಟಿನಲ್ಲೋ ಚುಕ್ಕಿಗೆರೆಯಲ್ಲೋ ಬೇರೆ ಕಾಣಬೇಕು. ಈ ಮೂರೂ ಇಲ್ಲದಿದ್ದರೆ ಅದು ಮುಖಪುಟದ ಮಾತಷ್ಟೆ.

ನಾಲ್ಕನೆಯದು ಬೆರಳಿನ ಗುರುತು, ಜೋರು ಮೆಲ್ಲಗೆ ಸೂಚನೆಗಳೆಲ್ಲ ತುಂಬಿದ ಕಲಿಕೆಯ ಪುಸ್ತಕ. ಹೊಸಬರಿಗೆ ಇದು ಸುಲಭ, ನಾನೂ ಕೊಡಿಸುತ್ತೇನೆ. ಆದರೆ ಉಲ್ಲೇಖಕ್ಕೆ ಬೇಡ. ಇದನ್ನು ಗುರುತಿಸಲು ನನಗೊಂದು ಚಿಕ್ಕ ಪರೀಕ್ಷೆ ಇದೆ. ಮೊದಲ ಸಾಲಿನ ಮೇಲೆ ವೇಗ ಹೇಳುವ ಮೆಟ್ರೊನೋಮ್ ನಂಬರ್ ಇದೆಯಾ ನೋಡಿ. ಮೆಟ್ರೊನೋಮಿಗೆ ಮೆಲ್ಟ್ಸೆಲ್ ಪೇಟೆಂಟ್ ತೆಗೆದುಕೊಂಡದ್ದು 1815ರಲ್ಲಿ. ಮೊಜಾರ್ಟ್ 1791ರಲ್ಲೇ ತೀರಿಕೊಂಡಿದ್ದ. ಆ ನಂಬರ್ ಅವನದಾಗಿರಲು ಸಾಧ್ಯವೇ ಇಲ್ಲ. ಒಂದು ಕಡೆ ಕೈ ಹಾಕಿದ ಸಂಪಾದಕ ಉಳಿದ ಕಡೆ ಸುಮ್ಮನಿದ್ದಿರುತ್ತಾನೆ ಅಂತ ನಾನು ನಂಬುವುದಿಲ್ಲ.

ಹೆಸರಿಸುವುದು ಹೇಗೆ

ಪುಸ್ತಕದ ಗುರುತಿಗೆ ಕೃತಿಯ ಹೆಸರು ಮತ್ತು ನಂಬರ್, ಸಂಪಾದಕ, ಸಂಪುಟ, ಊರು, ಪ್ರಕಾಶಕ, ವರ್ಷ, ಇಷ್ಟು ಬೇಕು. ಮೊದಲು ಕೃತಿ, ಆಮೇಲೆ ಅದು ಕೂತಿರುವ ಪುಸ್ತಕ. ಹೊಸ ಸಮಗ್ರ ಸಂಪುಟದಿಂದ ನಮ್ಮ ಸೊನಾಟಾವನ್ನು ಉಲ್ಲೇಖಿಸಿದರೆ ಹೀಗಿರುತ್ತದೆ:

```
Mozart, W. A. Klaviersonate A-Dur, KV 331 (300i).
In: Klaviersonaten, Band 2 (NMA IX/25/2).
Hrsg. Wolfgang Plath, Wolfgang Rehm.
Kassel: Bärenreiter, 1986.
```

ಕೊನೆಯಿಂದ ಎರಡನೇ ಸಾಲಿನ ಮೊದಲ ಪದ "ಸಂಪಾದಕರು" ಅನ್ನುವುದರ ಜರ್ಮನ್ ಸಂಕ್ಷೇಪ. ನಡುವಿನ ಅಂಕಿಗಳು ವಿಳಾಸದಂತೆ: 9ನೇ ಸರಣಿ, 25ನೇ ಗುಂಪು, 2ನೇ ಸಂಪುಟ. ಒಂದು ಜಾಗವನ್ನು ತೋರಿಸಬೇಕಾದರೆ ಪುಟದ ಬದಲು ಭಾಗ ಮತ್ತು ಬಾರ್ ಸಂಖ್ಯೆ ಕೊಡಿ, "2ನೇ ಭಾಗ, ಬಾರ್ 24" ಅನ್ನುವ ಹಾಗೆ. ಪುಟ ಪ್ರತಿ ಪುಸ್ತಕದಲ್ಲೂ ಬದಲಾಗುತ್ತದೆ, ಬಾರ್ ಬದಲಾಗುವುದಿಲ್ಲ.

ಎಡವುವುದು ಹೆಚ್ಚಾಗಿ ವರ್ಷದಲ್ಲಿ. ಪುಸ್ತಕದಲ್ಲಿ ಎರಡು ಮೂರು ವರ್ಷಗಳು ಇರಬಹುದು. ಹಕ್ಕಿನ ವರ್ಷ ಒಂದು, ತಿದ್ದಿದ ವರ್ಷ ಒಂದು, ಮರುಮುದ್ರಣದ ವರ್ಷ ಇನ್ನೊಂದು. ಬೇಕಾದದ್ದು ಈ ಪಾಠ ತಯಾರಾದ ವರ್ಷ. 1970ರ ದಶಕದ ಪಾಠವನ್ನು 2019ರಲ್ಲಿ ಮತ್ತೆ ಅಚ್ಚು ಹಾಕಿದರೆ ಅದು ಬುಡಾಪೆಸ್ಟ್ ಹಾಳೆ ನೋಡಿದ್ದು ಅಂತ ಆಗುವುದಿಲ್ಲ. 2019 ಅಂತ ಬರೆದರೆ ಓದುವವರು ದಾರಿ ತಪ್ಪುತ್ತಾರೆ.

ಸ್ಕ್ಯಾನಿನಲ್ಲಿ ಮುಖಪುಟವೇ ಇಲ್ಲದಿದ್ದರೆ ಪುಟದ ಕೆಳಗಡೆ ನಡುವೆ ಸಣ್ಣ ಅಕ್ಷರದಲ್ಲಿ ಇರುವ ನಂಬರ್ ನೋಡಿ. ಅದು ಪ್ಲೇಟ್ ನಂಬರ್. ಹಿಂದೆ ಲೋಹದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕುತ್ತಿದ್ದಾಗ, ಯಾವ ತಗಡು ಯಾವ ಪುಸ್ತಕದ್ದು ಅಂತ ತಿಳಿಯಲು ಪ್ರಕಾಶಕರು ಹಾಕುತ್ತಿದ್ದದ್ದು. ಅಗ್ಗದ ಮರುಮುದ್ರಣ ಮಾಡುವವರು ಮುಖಪುಟ ಬದಲಾಯಿಸುತ್ತಾರೆ. ಕೆಳಗಿನ ಆ ನಂಬರನ್ನು ಅಳಿಸಲು ಎಷ್ಟೋ ಸಲ ಮರೆಯುತ್ತಾರೆ. ಮುಖಪುಟದಲ್ಲಿ ಒಂದು ಹೆಸರು, ಕೆಳಗೆ ಇನ್ನೊಬ್ಬ ಪ್ರಕಾಶಕರ ಅಕ್ಷರ ಕಂಡರೆ ಒಳಗಿನ ಪಾಠ ಹಳೆಯದು ಅಂತ ಲೆಕ್ಕ. ಅದನ್ನು ಉಲ್ಲೇಖಿಸುವಾಗ ಮರುಮುದ್ರಣ ಅಂತ ಹೇಳಿ, ಪ್ಲೇಟ್ ನಂಬರ್ ಕೊಡಿ.

ಕೊಳ್ಳಲಿಕ್ಕಾದರೆ ಇಷ್ಟು ಕಷ್ಟ ಬೇಡ. ಹಿಂಬದಿ ರಕ್ಷಾಪುಟದಲ್ಲಿ ಐಎಸ್‌ಎಂಎನ್ ಇರುತ್ತದೆ. ಪುಸ್ತಕಕ್ಕೆ ಐಎಸ್‌ಬಿಎನ್ ಇದ್ದ ಹಾಗೆ ಸ್ವರಲಿಪಿಗೆ ಇದು. 13 ಅಂಕಿ, ಶುರುವಿನಲ್ಲಿ 979-0. ಅಂಗಡಿಗೆ ಅದನ್ನು ಕೊಟ್ಟರೆ ಬೇರೆ ಪುಸ್ತಕ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಪ್ರಕಾಶಕರ ಸ್ವಂತ ನಂಬರೂ ನಡೆಯುತ್ತದೆ. ಹೆನ್ಲೆಯವರು ಮೊಜಾರ್ಟ್ ಸೊನಾಟಾಗಳ ಮೊದಲ ಸಂಪುಟಕ್ಕೆ ಕೊಟ್ಟದ್ದು `HN 1`.

ನಿಮಗೆ ಎಷ್ಟು ಸಾಕು

ಪರೀಕ್ಷೆಯ ಫಾರ್ಮಿಗೆ ಹೆಸರು, ಶ್ರುತಿ, ಕೆ. ನಂಬರ್, ಭಾಗ ಇಷ್ಟೇ ಸಾಕು. ಪಠ್ಯಪಟ್ಟಿಯಲ್ಲಿ ಹೇಗಿದೆಯೋ ಹಾಗೇ ನಕಲು ಮಾಡಿ, ನೀವು ಸುಧಾರಿಸಲು ಹೋಗಬೇಡಿ. ಕಾರ್ಯಕ್ರಮದ ಹಾಳೆಯಲ್ಲಿ ಅಡ್ಡಹೆಸರೂ ಇರಲಿ, ಕೇಳುವವರು ಬರುವುದು ಅದಕ್ಕೇ. ಆದರೆ ಪಕ್ಕದಲ್ಲಿ ನಂಬರ್ ಇರಲಿ. ಆ್ಯಪಿನಲ್ಲಿ ಕೇಳಲು ಹುಡುಕುವವರು ಭಾಗದ ಹೆಸರನ್ನೂ ಸೇರಿಸಿದರೆ ಬೇಗ ಸಿಗುತ್ತದೆ. ಪ್ರಬಂಧಕ್ಕೆ ಮೇಲಿನ ನಾಲ್ಕು ಸಾಲೂ ಬೇಕು.

ಎಲ್ಲ ಗುರುತೂ ಕೈಕೊಡುವ ಸಂದರ್ಭವೂ ಇದೆ. ಅದಕ್ಕೊಂದು ಮೈಸೂರಿನ ಉದಾಹರಣೆ. ರಿಚರ್ಡ್ ಸ್ಟ್ರಾಸ್‌ನ "ಫೋರ್ ಲಾಸ್ಟ್ ಸಾಂಗ್ಸ್" ಮೊದಲ ಸಲ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಗಾಯಕಿ ಫ್ಲಾಗ್‌ಸ್ಟಾಡ್ ಕಂಠದಲ್ಲಿ. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಸ್ಟ್ರಾಸ್ ಅಷ್ಟರಲ್ಲಿ ತೀರಿಕೊಂಡಿದ್ದ. ಈ ಹಾಡುಗಳಿಗೆ ಓಪಸ್ ನಂಬರ್ ಇಲ್ಲ. ಆ ಹೆಸರೂ ಸ್ಟ್ರಾಸ್ ಇಟ್ಟದ್ದಲ್ಲ. ಪ್ರಕಾಶಕರಾದ ಬೂಸಿ ಅಂಡ್ ಹಾಕ್ಸ್‌ನ ಎರ್ನ್‌ಸ್ಟ್ ರಾತ್ ಇಟ್ಟದ್ದು. ಹಾಡುಗಳ ಕ್ರಮವೂ ಅವರದೇ, ಲಂಡನ್ನಿನಲ್ಲಿ ಹಾಡಿದ ಕ್ರಮ ಬೇರೆ ಇತ್ತು. ಟ್ರೆನ್ನರ್ ಮಾಡಿದ ಕ್ಯಾಟಲಾಗಿನ ನಂಬರ್ `TrV 296` ಹಾಕಿದರೆ ಹಾಡುಗಳು ಸಿಗುತ್ತವೆ. ಆದರೆ "ಮೂರನೇ ಹಾಡು" ಅಂತ ಬರೆದರೆ ಯಾವ ಕ್ರಮದ ಮೂರನೆಯದು ಅಂತ ಗೊತ್ತಾಗುವುದಿಲ್ಲ. ಅಲ್ಲಿ ನಂಬರ್ ಪಕ್ಕಕ್ಕಿಟ್ಟು ಹಾಡಿನ ಹೆಸರನ್ನೇ ಬರೆಯಬೇಕು.

ಅಂದ ಹಾಗೆ, ತಪ್ಪಿ ಬಂದ ಆ ಕೆ. 330 ಪುಸ್ತಕವನ್ನು ತಾಯಿ ವಾಪಸ್ ಕಳಿಸಲಿಲ್ಲ. ಹುಡುಗಿ ಈಗ ಅದರ ಎರಡನೇ ಭಾಗ ಕಲಿಯುತ್ತಿದ್ದಾಳೆ.